ಹನ್ನೆರಡನೇ ತಿಂಗಳ ಬಾಡಿಗೆ

ನ್ಯಾಮತಿಯ ಬಡಾವಣೆಯೊಂದರಲ್ಲಿ ಗೇಟಿಗೆ ತಂತಿಯಿಂದ ಕಟ್ಟಿದ ರಟ್ಟಿನ ಮೇಲೆ ‘ಮನೆ ಬಾಡಿಗೆಗೆ ಇದೆ’ ಎಂದು ಬರೆದಿತ್ತು. ಬಿಸಿಲಿಗೆ ಅಕ್ಷರ ಅರ್ಧ ಮಾಸಿತ್ತು. ನನ್ನ ಅಕ್ಕನ ಮಗಳು, ಅಲ್ಲಿಗೆ ಆಗಷ್ಟೇ ವರ್ಗವಾಗಿದ್ದ ಪ್ರೌಢಶಾಲಾ ಶಿಕ್ಷಕಿ, ಬಾಡಿಗೆ ಎಷ್ಟೆಂದು ಕೇಳಲು ಫೋನ್ ತೆಗೆದಳು. ನಾನು ಮೊದಲು ಮೀಟರ್ ಬೋರ್ಡಿನ ಹತ್ತಿರ ಹೋದೆ. ಅಲ್ಲಿ ಸಿಕ್ಕಿಸಿದ್ದ ಕರೆಂಟ್ ಬಿಲ್ಲಿನಲ್ಲಿ ಹಿಂದಿನ ರೀಡಿಂಗೂ ಈಗಿನ ರೀಡಿಂಗೂ ಒಂದೇ ಆಗಿತ್ತು. ಅಂದರೆ ಆ ಮನೆಯಲ್ಲಿ ಇಡೀ ತಿಂಗಳು ಒಂದು ಬಲ್ಬೂ ಉರಿದಿರಲಿಲ್ಲ.

ಬಾಡಿಗೆ ಇಳಿಸಿಕೊಳ್ಳುವ ಮಾತು ಶುರುವಾಗುವುದು ಆ ಬಿಲ್ಲಿನಿಂದ. ನಮ್ಮಲ್ಲಿ ಹೆಚ್ಚಿನವರು ಮನೆ ನೋಡಿ, ಬಾಡಿಗೆ ಕೇಳಿ, “ಸ್ವಲ್ಪ ಕಡಿಮೆ ಮಾಡ್ಕೊಳ್ಳಿ” ಎನ್ನುತ್ತಾರೆ. ಮಾಲೀಕರು “ಆಗಲ್ಲ” ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಕಡಿಮೆ ಮಾಡಲು ಅವರಿಗೆ ನಾವು ಕಾರಣವನ್ನೇ ಕೊಟ್ಟಿರುವುದಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ತಾಲ್ಲೂಕು ಊರುಗಳಲ್ಲಿ ಮನೆ ಕಟ್ಟಿ ಬಾಡಿಗೆಗೆ ಬಿಟ್ಟವರನ್ನು ಕಾಡುವುದು ಐನೂರು ರೂಪಾಯಿ ಹೆಚ್ಚು ಕಡಿಮೆಯಲ್ಲ, ಬೀಗ ಬಿದ್ದ ತಿಂಗಳುಗಳು. ಇಲ್ಲಿ ಬಾಡಿಗೆಗೆ ಬರುವವರಲ್ಲಿ ಮೇಷ್ಟ್ರು, ನರ್ಸು, ಬ್ಯಾಂಕಿನವರು, ತಾಲ್ಲೂಕು ಕಚೇರಿಯವರೇ ಹೆಚ್ಚು. ಇವರಲ್ಲಿ ಎಷ್ಟೋ ಜನ ನಾಲ್ಕಾರು ತಿಂಗಳು ಇದ್ದು ನೋಡಿ, ದಾವಣಗೆರೆಯಿಂದಲೋ ಶಿವಮೊಗ್ಗದಿಂದಲೋ ಬಸ್ಸಿನಲ್ಲಿ ಓಡಾಡುವುದೇ ವಾಸಿ ಎಂದು ಮನೆ ಬಿಟ್ಟು ಹೋಗುತ್ತಾರೆ. ಹಾಗಾಗಿ ಉಳಿಯುವ ಮಾತು ಮತ್ತು ಬರುವ ದಿನ, ಈ ಎರಡಕ್ಕೂ ಇಲ್ಲಿ ಬೆಲೆ ಇದೆ. ಅದು ಎಷ್ಟು ಎಂದು ಲೆಕ್ಕ ಹಾಕಿಕೊಂಡು ಹೋಗಬೇಕು, ಅಷ್ಟೇ.

ಮಾಲೀಕರು ಪಕ್ಕದ ಹಳ್ಳಿಯ ಅಡಿಕೆ ಬೆಳೆಗಾರರು. ಬೈಕಿನಲ್ಲಿ ಬಂದು ಬೀಗ ತೆಗೆದರು.

“ಏಳೂವರೆ ಸಾವಿರ. ನಲವತ್ತು ಅಡ್ವಾನ್ಸು. ನೀರಿನ ದುಡ್ಡು ಬೇರೆ,” ಎಂದರು.

“ಮುಂಚೆ ಇದ್ದೋರು ಯಾವಾಗ ಬಿಟ್ರು ಯಜಮಾನ್ರೇ?” ಎಂದು ಕೇಳಿದೆ.

“ಯುಗಾದಿ ಆದ್ಮೇಲೆ. ಆಸ್ಪತ್ರೆ ನರ್ಸಮ್ಮ. ವರ್ಷ ತುಂಬೋಕೆ ಮುಂಚೇನೇ ಶಿವಮೊಗ್ಗಕ್ಕೆ ಹೋಗಿಬಿಟ್ರು. ಅದಕ್ಕೆ ಮುಂಚೆ ಇದ್ದೋರಂತೂ ಎಂಟೇ ತಿಂಗಳು. ಅವ್ರ ಹುಡುಗ್ರು ಗೋಡೆ ತುಂಬ ಗೀಚಿ ಹೋಗಿದ್ರು, ಸುಣ್ಣ ಬಣ್ಣ ನನ್ನ ತಲೆ ಮೇಲೆ.”

ನಮಗೆ ಬೇಕಾಗಿದ್ದದ್ದು ಇಷ್ಟೇ. ಅಲ್ಲಿ ಚೌಕಾಸಿ ಮಾಡದೆ, “ಸಂಜೆ ಮಾತಾಡೋಣ” ಎಂದು ಹೊರಟೆವು. ಹೋಟೆಲಿನಲ್ಲಿ ಚಹಾ ಕುಡಿಯುತ್ತ ಒಂದು ಚೀಟಿಯ ಹಿಂದೆ ಲೆಕ್ಕ ಬರೆದೆವು.

ಚೀಟಿಯ ಹಿಂದಿನ ಲೆಕ್ಕ

ಬಾಡಿಗೆದಾರರು ವರ್ಷಕ್ಕೊಮ್ಮೆ ಬದಲಾದರೆ ಮೂರು ವರ್ಷದಲ್ಲಿ ಎರಡು ಸಲ ಮನೆ ಖಾಲಿ ಬೀಳುತ್ತದೆ. ಪ್ರತಿ ಸಲ ಒಂದೂವರೆ ತಿಂಗಳು ಖಾಲಿ ಎಂದು ಹಿಡಿದರೆ 7,500 ರೂಪಾಯಿ ಬಾಡಿಗೆಗೆ 11,250 ಹೋಯಿತು. ಬಣ್ಣ, ನಲ್ಲಿ, ಚಿಲಕಗಳಿಗೆ 6,000 ಎಂದಿಟ್ಟುಕೊಳ್ಳಿ. ಒಂದು ಬದಲಾವಣೆಗೆ 17,250, ಎರಡಕ್ಕೆ 34,500. ಇದನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 950 ರೂಪಾಯಿ. ಅಂದರೆ ಮೂರು ವರ್ಷ ಗಟ್ಟಿಯಾಗಿ ಉಳಿಯುವವರು ಸಿಕ್ಕರೆ ಈ ಮಾಲೀಕರಿಗೆ ತಿಂಗಳಿಗೆ 950 ರೂಪಾಯಿಯಷ್ಟು ಲಾಭ. ಅಷ್ಟನ್ನೂ ನಾವೇ ಕೇಳಿದರೆ ಅವರಿಗೆ ನಮ್ಮನ್ನು ಇಟ್ಟುಕೊಂಡು ಬಂದ ಭಾಗ್ಯವೇನು? ಅರ್ಧಕ್ಕಿಂತ ತುಸು ಮೇಲೆ, ಐನೂರರಿಂದ ಆರುನೂರರ ತನಕ ಕೇಳುವುದು ನ್ಯಾಯ. ನಿಮ್ಮ ಊರಿನ ಬಾಡಿಗೆ, ಖಾಲಿ ತಿಂಗಳು, ಬಣ್ಣದ ಖರ್ಚು ಹಾಕಿ ಇದೇ ಲೆಕ್ಕ ಮಾಡಿ. ಮಾಲೀಕರಿಗೆ ವರ್ಷದಲ್ಲಿ ಒಂದು ದಿನವೂ ಮನೆ ಖಾಲಿ ಬೀಳದು ಎಂದಾದರೆ ಉತ್ತರ ಸೊನ್ನೆಗೆ ಹತ್ತಿರ ಬರುತ್ತದೆ. ಅಲ್ಲಿ ಉಳಿಯುವ ಮಾತಿಗೆ ಬೆಲೆಯಿಲ್ಲ ಎಂದು ತಿಳಿದು ಸುಮ್ಮನಾಗುವುದು ಒಳ್ಳೆಯದು.

ಎರಡನೆಯದು ದಿನ. ಅದು ಜೂನ್ ಮೊದಲ ವಾರ. ಆಷಾಢಕ್ಕೆ ಇಪ್ಪತ್ತು ದಿನವಿತ್ತು. ಆಷಾಢದಲ್ಲಿ ನಮ್ಮ ಕಡೆ ಹೊಸ ಮನೆಗೆ ಹಾಲು ಉಕ್ಕಿಸುವವರು ಅಪರೂಪ. ಅಷ್ಟರೊಳಗೆ ಯಾರೂ ಬರದಿದ್ದರೆ ಮನೆ ಶ್ರಾವಣದ ತನಕ ಖಾಲಿ. ಶ್ರಾವಣಕ್ಕೆ ಬರುವಷ್ಟರಲ್ಲಿ ಶಾಲೆ ಶುರುವಾಗಿ, ವರ್ಗಾವಣೆಯಾಗಿ ಬಂದವರೆಲ್ಲ ಎಲ್ಲೋ ಒಂದು ಕಡೆ ಸೇರಿಕೊಂಡಿರುತ್ತಾರೆ. ಮಾಲೀಕರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ಹುಡುಗಿಗೆ ಅವಸರವಿರಲಿಲ್ಲ, ಶ್ರಾವಣದ ತನಕ ಶಿವಮೊಗ್ಗದಿಂದ ಓಡಾಡಬಹುದಿತ್ತು. ಆದರೆ ಜ್ಯೇಷ್ಠದಲ್ಲೇ ಒಂದು ಒಳ್ಳೆಯ ದಿನ ಹಾಲು ಉಕ್ಕಿಸಿ, ಬೀಗದ ಕೈ ತೆಗೆದುಕೊಂಡು, ಸಾಮಾನು ನಿಧಾನಕ್ಕೆ ಸಾಗಿಸಲೂ ಅಡ್ಡಿಯಿರಲಿಲ್ಲ. ಹಾಲು ಉಕ್ಕಿದ ಮೇಲೆ ಸಾಮಾನು ಯಾವಾಗ ಬಂದರೂ ನಡೆಯುತ್ತದೆ ಎಂದು ನಮ್ಮ ಮನೆಯ ಹಿರಿಯರೂ ಒಪ್ಪಿದರು.

ಇಲ್ಲಿ ಒಂದು ತಪ್ಪು ತುಂಬ ಜನ ಮಾಡುತ್ತಾರೆ. “ನಾನು ಯಾವಾಗ ಬೇಕಾದ್ರೂ ಬರ್ತೀನಿ” ಎಂದುಬಿಡುತ್ತಾರೆ. ಕೇಳಿದವರಿಗೆ ಇದು ಉಪಕಾರ ಅನ್ನಿಸುವುದಿಲ್ಲ, ಗಟ್ಟಿಯಿಲ್ಲದ ಗಿರಾಕಿ ಅನ್ನಿಸುತ್ತದೆ. ದಿನದ ಸಡಿಲಿಕೆಗೆ ಬೆಲೆ ಬರುವುದು ಅದು ಮಾಲೀಕರ ತೊಂದರೆ ಯಾವ ಕಡೆಗಿದೆಯೋ ಆ ಕಡೆಗೇ ಬಾಗಿದಾಗ. ಮನೆ ಆಗಲೇ ಖಾಲಿ ಬಿದ್ದಿದ್ದರೆ ಅವರಿಗೆ ಬೇಗ ಬರುವವರು ಬೇಕು. ಹಳಬರು ಇನ್ನೂ ಬಿಟ್ಟಿಲ್ಲ, ಅವರ ರಿಲೀವಿಂಗ್ ಆರ್ಡರ್ ಬಂದಿಲ್ಲ, ಬಣ್ಣ ಬಳಿಯುವವನು ಸಿಕ್ಕಿಲ್ಲ ಎಂದಿದ್ದರೆ ಕಾಯುವವರು ಬೇಕು. ಚನ್ನಗಿರಿಯಲ್ಲಿ ನನ್ನ ಸ್ನೇಹಿತರೊಬ್ಬರಿಗೆ ಸಿಕ್ಕಿದ್ದು ಈ ಎರಡನೆಯ ಬಗೆಯ ಮನೆ. ಹಳೆಯ ಬಾಡಿಗೆದಾರರು ಇವತ್ತು ನಾಳೆ ಎನ್ನುತ್ತಿದ್ದರು. ನೋಡಲು ಬಂದ ಇಬ್ಬರು ಕಾಯಲಾಗದೆ ಹೋದರು. ಸ್ನೇಹಿತರು, “ಜುಲೈ 1ರಿಂದ 25ರ ಒಳಗೆ ನೀವು ಹೇಳಿದ ದಿನ ಬರ್ತೀನಿ, ಮೂರು ದಿನ ಮುಂಚೆ ಫೋನ್ ಮಾಡಿ ಸಾಕು. ಬಣ್ಣ ಹೊಡೆಸಿದ ಮಾರನೇ ದಿನದಿಂದ ಬಾಡಿಗೆ ಎಣಿಸಿ” ಎಂದರು. ಮಾಲೀಕರಿಗೆ ಹಳಬರು ಹೋದ ದಿನಕ್ಕೂ ಹೊಸಬರು ಬಂದ ದಿನಕ್ಕೂ ನಡುವೆ ಒಂದು ವಾರವಷ್ಟೇ ಹೋಯಿತು. ಆ ಉಳಿತಾಯದಲ್ಲಿ ಇವರಿಗೂ ಪಾಲು ಸಿಕ್ಕಿತು.

ಕಾಯುವುದಕ್ಕೂ ಖರ್ಚಿದೆ, ಅದನ್ನು ಮರೆಯಬಾರದು. ಆ ದಿನಗಳ ಬಸ್ ಚಾರ್ಜು, ಹೋಟೆಲ್ ಊಟ ಅಥವಾ ಲಾಡ್ಜಿನ ಬಾಡಿಗೆ ಕೂಡಿ ನೋಡಿ. ಇಳಿಸಿಕೊಂಡ ಬಾಡಿಗೆಯ ಆರು ತಿಂಗಳ ಲಾಭವನ್ನು ಕಾಯುವ ಇಪ್ಪತ್ತು ದಿನವೇ ತಿಂದುಹಾಕುವುದಾದರೆ ಆ ವ್ಯಾಪಾರ ಬೇಡ. ಕಾಯುವ ಮಾತಿಗೆ ಕೊನೆಯ ದಿನಾಂಕವೊಂದು ಇರಲೇಬೇಕು. ಟೋಕನ್ ಅಡ್ವಾನ್ಸ್ ಕೊಟ್ಟರೆ, ಆ ದಿನಾಂಕದೊಳಗೆ ಮನೆ ಸಿಗದಿದ್ದರೆ ದುಡ್ಡು ವಾಪಸ್ ಎಂದು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.

ಸಂಜೆಯ ಮಾತು

ಸಂಜೆ ಮಾಲೀಕರ ಹಳ್ಳಿಗೇ ಹೋದೆವು. ಅಂಗಳದಲ್ಲಿ ಕುಳಿತು ಹುಡುಗಿಯೇ ಮಾತು ತೆಗೆದಳು.

“ನೋಡಿ ಯಜಮಾನ್ರೇ, ಆಷಾಢಕ್ಕೆ ಮುಂಚೇನೇ ಹಾಲುಕ್ಕಿಸಿ ಮನೆ ತಗೋತೀನಿ. ಮೂರು ವರ್ಷ ಇರೋ ಯೋಚನೆ ನಂದು, ಮಗಳನ್ನ ಇಲ್ಲೇ ಸ್ಕೂಲಿಗೆ ಹಾಕ್ತಿದೀನಿ. ಆರು ಸಾವಿರದ ಒಂಬೈನೂರು ಮಾಡ್ಕೊಳ್ಳಿ.”

ಮಗಳ ಶಾಲೆಯ ಮಾತು ಕೇಳಿ ಅವರ ಮುಖ ಸ್ವಲ್ಪ ಸಡಿಲಾಯಿತು. ಉಳಿಯುತ್ತೇನೆ ಎನ್ನುವುದಕ್ಕೆ ಕಣ್ಣಿಗೆ ಕಾಣುವ ಗುರುತು ಅದು. ಆದರೂ ತಲೆ ಅಲ್ಲಾಡಿಸಿದರು.

“ಮೇಡಮ್ಮಾರೇ, ಎಲ್ರೂ ಮೂರು ವರ್ಷ ಅಂತಾನೇ ಬರ್ತಾರೆ. ನರ್ಸಮ್ಮನೂ ಹಂಗೇ ಅಂದಿದ್ರು. ಇಳಿಸಿದ ಮೇಲೆ ನೀವು ಆರು ತಿಂಗಳಿಗೆ ಹೋದ್ರೆ ನಾನೇನು ಮಾಡ್ಲಿ? ಮೇಲಿನ ಮನೆಯೋರಿಗೆ ಗೊತ್ತಾದ್ರೆ ನಮಗೂ ಇಳಿಸಿ ಅಂತಾರೆ.” ಸ್ವಲ್ಪ ತಡೆದು ಸೇರಿಸಿದರು: “ನಿಮಗೇನು, ಗೌರ್ಮೆಂಟು ಬಾಡಿಗೆ ಕೊಡುತ್ತಲ್ಲ.”

ಕೊನೆಯ ಮಾತಿಗೆ ಉತ್ತರ ಸುಲಭ. 2024ರ ಆಗಸ್ಟಿನಿಂದ ಜಾರಿಯಾದ ರಾಜ್ಯದ ಏಳನೇ ವೇತನ ಆಯೋಗದ ಪ್ರಕಾರ ಇಂಥ ಊರುಗಳಲ್ಲಿ ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ. 7.5 ಮಾತ್ರ. ಮೂಲ ವೇತನ 40,000 ಇದ್ದರೆ ಕೈಗೆ ಬರುವುದು 3,000. ಇದನ್ನು ಹೇಳಿದಾಗ ಅವರು ನಕ್ಕರು. ಆದರೆ ಮೊದಲಿನ ಎರಡು ಮಾತು ನಿಜವಾದವು. ಮಾತಿಗೆ ಆಧಾರವಿಲ್ಲ ಎಂಬುದು ಒಂದು, ಪಕ್ಕದವರ ಕಣ್ಣು ಇನ್ನೊಂದು. ಬಾಡಿಗೆ ಇಳಿಸುವ ಮಾತು ಮುರಿದು ಬೀಳುವುದು ಬಹುಪಾಲು ಇಲ್ಲೇ.

ಆಗ ನಾವು ಕೇಳುವ ರೀತಿ ಬದಲಿಸಿದೆವು. ಬಾಡಿಗೆ 7,500 ಹಾಗೇ ಇರಲಿ. ಹನ್ನೊಂದು ತಿಂಗಳ ಕರಾರು ಮುಗಿದು, ಬಾಕಿಯಿಲ್ಲದೆ ಹೊಸ ಕರಾರು ಮಾಡಿಕೊಂಡರೆ ಹನ್ನೆರಡನೇ ತಿಂಗಳ ಬಾಡಿಗೆ ಬಿಡಿ. ಹೀಗೆ ಪ್ರತಿ ಸಲ. ಮತ್ತೆ ಈ ಆಷಾಢದ ಬಾಡಿಗೆ ಅರ್ಧ ಮಾಡಿ, ಯಾಕೆಂದರೆ ಅದು ಖಾಲಿ ಬೀಳಬೇಕಾಗಿದ್ದ ತಿಂಗಳು.

ಮಾಲೀಕರು ಬೆರಳೆಣಿಸಿ ನೋಡಿದರು. ಹುಡುಗಿ ಆರು ತಿಂಗಳಿಗೆ ಹೋದರೆ ಅವರು ಆಷಾಢದ 3,750 ಬಿಟ್ಟರೆ ಮತ್ತೇನೂ ಕಳೆದುಕೊಳ್ಳುವುದಿಲ್ಲ. ಹುಡುಗಿ ಬರದಿದ್ದರೆ ಅದೂ ಬರುತ್ತಲೇ ಇರಲಿಲ್ಲ. ಉಳಿದರೆ ಮಾತ್ರ ರಿಯಾಯಿತಿ. ಮೇಲಿನ ಮನೆಯವರು ಕೇಳಿದರೆ ಏಳೂವರೆ ಎಂದೇ ಹೇಳಬಹುದು. ಒಪ್ಪಿದರು.

ಹುಡುಗಿಗೆ ಏನು ಸಿಕ್ಕಿತು? 36 ತಿಂಗಳಲ್ಲಿ 12, 23 ಮತ್ತು 34ನೇ ತಿಂಗಳು ಬಾಡಿಗೆ ಇಲ್ಲ. ಅದು 22,500. ಆಷಾಢದ ಅರ್ಧ ಸೇರಿದರೆ 26,250. ತಿಂಗಳಿಗೆ ಹಂಚಿದರೆ 729 ರೂಪಾಯಿ, ಅಂದರೆ ವರ್ಷದ ಏರಿಕೆ ಬಿಟ್ಟು ನೋಡಿದರೆ ನಿಜವಾದ ಬಾಡಿಗೆ 6,771. ಮೊದಲು ಕೇಳಿದ 6,900ಕ್ಕಿಂತಲೂ ಕಡಿಮೆ! ವರ್ಷಕ್ಕೆ ಶೇ. 5 ಏರಿಸುವುದಾಗಿ ಮಾಲೀಕರು ಹೇಳಿದ್ದನ್ನು ನಾವು ಮುಟ್ಟಲಿಲ್ಲ. ಬಾಡಿಗೆಯೂ ಇಳಿಯಲಿ, ಏರಿಕೆಯೂ ಬೇಡ ಎಂದು ಎರಡನ್ನೂ ಕೇಳಿದರೆ ಮಾತು ಕೆಡುತ್ತದೆ. ಒಂದನ್ನೇ ಆರಿಸಬೇಕೆಂದರೆ ನನ್ನ ಮತ ರಿಯಾಯಿತಿಗೆ. ಏರಿಕೆ ನಿಂತರೆ ಅದರ ಲಾಭ ಕಾಣುವುದು ಎರಡನೇ ವರ್ಷದಿಂದ. ಅಷ್ಟರಲ್ಲಿ ವರ್ಗವಾದರೆ ಏನೂ ಉಳಿಯುವುದಿಲ್ಲ.

ಪತ್ರದಲ್ಲಿ ಏನಿರಬೇಕು

ಮೂರು ವರ್ಷ ಇರುತ್ತೇನೆ ಎಂದ ಮೇಲೆ ಮೂರು ವರ್ಷಕ್ಕೇ ಕರಾರು ಬರೆದರೆ ಆಗದೇ? ಬರೆಯಬಹುದು, ಆದರೆ ಛಾಪಾ ಕಾಗದದಲ್ಲಿ ಟೈಪ್ ಮಾಡಿಸಿ ಸಹಿ ಹಾಕಿದರೆ ಸಾಲದು. 1908ರ ನೋಂದಣಿ ಕಾಯ್ದೆಯ 17ನೇ ಕಲಮು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 107ನೇ ಕಲಮಿನ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ನೋಂದಣಿಯಿಲ್ಲದ ಮೂರು ವರ್ಷದ ಪತ್ರವನ್ನು ನಂಬಿ ಕೂತರೆ, ತಕರಾರು ಬಂದಾಗ ಅದರೊಳಗಿನ ಅವಧಿ, ರಿಯಾಯಿತಿ ಯಾವುದನ್ನೂ ಅದರ ಬಲದ ಮೇಲೆ ಸಾಧಿಸಲಾಗುವುದಿಲ್ಲ. ಬಾಡಿಗೆ ಸಂಬಂಧ ತಿಂಗಳಿಂದ ತಿಂಗಳಿಗೆ ಎಂದಾಗಿಬಿಡುತ್ತದೆ, 15 ದಿನದ ನೋಟಿಸಿನಲ್ಲಿ ಮುಗಿಸಬಹುದಾದದ್ದು. ಎಲ್ಲರೂ ಹನ್ನೊಂದು ತಿಂಗಳ ಕರಾರು ಮಾಡುವುದು ಈ ನೋಂದಣಿಯ ಓಡಾಟ, ಖರ್ಚು ತಪ್ಪಿಸಿಕೊಳ್ಳಲು. ಹನ್ನೆರಡನೇ ತಿಂಗಳ ಉಪಾಯ ಹೊಂದುವುದೂ ಇದೇ ಕಾರಣಕ್ಕೆ. ಪ್ರತಿ ಪತ್ರವೂ ವರ್ಷದೊಳಗೇ ಇರುತ್ತದೆ, ರಿಯಾಯಿತಿ ಹೊಸ ಪತ್ರದ ಜೊತೆ ಬರುತ್ತದೆ. ಅಂಗಡಿ ಇಡುವವರು, ಮನೆಗೆ ತಮ್ಮ ದುಡ್ಡಿನಲ್ಲಿ ಏನಾದರೂ ಕಟ್ಟಿಸಿಕೊಳ್ಳುವವರು ಮಾತ್ರ ನೋಂದಣಿಯನ್ನೇ ಮಾಡಿಸುವುದು ಕ್ಷೇಮ.

ಒಂದು ಗಂಡಾಂತರ ಉಳಿಯಿತು. ಹನ್ನೊಂದು ತಿಂಗಳು ಇಟ್ಟುಕೊಂಡು, ರಿಯಾಯಿತಿ ಕೊಡುವ ಹೊತ್ತಿಗೆ ಮಾಲೀಕರೇ ಬಿಡಿ ಎಂದರೆ? ಅದಕ್ಕೆ ನಾವು ಬರೆಸಿದ ಸಾಲು ಹೀಗಿದೆ:

“ಈ ಕರಾರಿನ 11 ತಿಂಗಳು ಮುಗಿದು ಬಾಡಿಗೆದಾರರು ಹೊಸ ಕರಾರು ಮಾಡಿಕೊಂಡು ಮುಂದುವರಿದಲ್ಲಿ, ಹೊಸ ಕರಾರಿನ ಮೊದಲ ತಿಂಗಳ ಬಾಡಿಗೆಯನ್ನು ಮಾಲೀಕರು ಪಡೆಯತಕ್ಕದ್ದಲ್ಲ. ಬಾಡಿಗೆ ಬಾಕಿ ಇಲ್ಲದಿದ್ದಾಗ್ಯೂ ಮಾಲೀಕರೇ ಮನೆ ಬಿಡಿಸಿದಲ್ಲಿ, ಒಂದು ತಿಂಗಳ ಬಾಡಿಗೆಯಷ್ಟು ಹಣವನ್ನು ಮುಂಗಡದ ಜೊತೆ ಹಿಂದಿರುಗಿಸತಕ್ಕದ್ದು.”

ಪತ್ರ ಬರೆಯುವವರು ತಮ್ಮ ಕಂಪ್ಯೂಟರಿನಲ್ಲಿರುವ ಹಳೆಯ ನಮೂನೆಗೆ ಹೆಸರು, ದಿನಾಂಕ ತುಂಬಿ ಕೊಡುತ್ತಾರೆ. ಈ ಸಾಲನ್ನು ನೀವೇ ಬರೆದುಕೊಂಡು ಹೋಗಿ ಸೇರಿಸಲು ಹೇಳಬೇಕು. ಜೊತೆಗೆ ವರ್ಗಾವಣೆಯಾದರೆ ಒಂದು ತಿಂಗಳ ನೋಟಿಸ್ ಕೊಟ್ಟು ಹೋಗಬಹುದು, ಅಡ್ವಾನ್ಸ್ ಮುರಿದುಕೊಳ್ಳುವಂತಿಲ್ಲ ಎಂದೂ ಇರಲಿ. ನೌಕರರು ಉಳಿಯುವ ಮಾತು ಕೊಡುವಾಗ ವರ್ಗಾವಣೆಯನ್ನು ಮುಚ್ಚಿಡುವುದು ಬೇಡ. ಉಳಿದರೆ ಮಾತ್ರ ರಿಯಾಯಿತಿ ಎಂಬ ಏರ್ಪಾಡಿನಲ್ಲಿ ಮುಚ್ಚಿಡುವ ಅಗತ್ಯವೂ ಇಲ್ಲ. ಬಾಡಿಗೆಯನ್ನು ಫೋನ್‌ಪೇಯಲ್ಲೋ ಬ್ಯಾಂಕಿನಲ್ಲೋ ಕಟ್ಟಿ. ‘ಬಾಕಿ ಇಲ್ಲ’ ಎನ್ನುವುದಕ್ಕೆ ಅದೇ ದಾಖಲೆ.

ಮಾತು ಕೊಡುವ ಮುಂಚೆ ಮನೆಯ ಕೆಟ್ಟ ಕಾಲ

ಉಳಿಯುವ ಮಾತು ಕೊಡುವವರು ನೋಡಬೇಕಾದದ್ದು ಮನೆಯ ಇಂದಿನ ಮುಖವನ್ನಲ್ಲ, ಅದರ ಕೆಟ್ಟ ತಿಂಗಳನ್ನು. ಇದು ನಾಲ್ಕು ಊರಿನಲ್ಲೂ ಬೇರೆ ಬೇರೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಡದ ತಗ್ಗು ಬೀದಿಯ ಮನೆಯನ್ನು ಬೇಸಿಗೆಯಲ್ಲಿ ನೋಡಿ ಮೂರು ವರ್ಷಕ್ಕೆ ಒಪ್ಪಬೇಡಿ. ಆಗಸ್ಟಿನಲ್ಲಿ ಹೊಳೆ ತುಂಬಿದಾಗ ನೀರು ಎಲ್ಲಿಯ ತನಕ ಬಂದಿತ್ತು ಎಂದು ಎದುರು ಮನೆಯವರನ್ನು ಕೇಳಿ. ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಕೇಳುವುದೇ ಬೇಡ. ಜಗಳೂರು ಮಳೆ ಕಡಿಮೆಯ ಸೀಮೆ. ಅಲ್ಲಿ ಮಳೆಗಾಲದಲ್ಲಿ ಮನೆ ನೋಡಿದವರು ಏಪ್ರಿಲ್‌ನಲ್ಲಿ ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಸಂಪು ಎಷ್ಟು ದೊಡ್ಡದು, ಟ್ಯಾಂಕರ್ ತರಿಸಿದರೆ ದುಡ್ಡು ಯಾರದು ಎಂದು ಮೊದಲೇ ಕೇಳಬೇಕು. ಬೇಸಿಗೆಯ ಟ್ಯಾಂಕರ್ ಖರ್ಚು ನಿಮ್ಮ ರಿಯಾಯಿತಿಯನ್ನು ಒಂದೇ ತಿಂಗಳಲ್ಲಿ ನುಂಗಬಹುದು. ಚನ್ನಗಿರಿಯಲ್ಲಿ ಹಿತ್ತಿಲಾಚೆ ಅಡಿಕೆ ಬೇಯಿಸುವ ಒಲೆ, ಸುಲಿಯುವ ಯಂತ್ರ ಇದೆಯೇ ನೋಡಿ. ಬೇಸಿಗೆಯಲ್ಲಿ ಸದ್ದಿಲ್ಲದ ಆ ಜಾಗ ಸುಗ್ಗಿಯ ತಿಂಗಳುಗಳಲ್ಲಿ ರಾತ್ರಿಯೂ ಮಲಗುವುದಿಲ್ಲ. ಅಲ್ಲಿನ ಎಷ್ಟೋ ಮಾಲೀಕರು ಅಡಿಕೆಯಲ್ಲಿ ಬದುಕುವವರು, ತಿಂಗಳ ಬಾಡಿಗೆ ಅವರಿಗೆ ದೊಡ್ಡ ವಿಷಯವಲ್ಲ. ಅವರ ಹತ್ತಿರ ಐನೂರು ರೂಪಾಯಿಯ ಮಾತಿಗಿಂತ “ನಿಮಗೆ ತಂಟೆ ಕೊಡಲ್ಲ, ಸಣ್ಣ ರಿಪೇರಿ ನಾನೇ ನೋಡ್ಕೋತೀನಿ” ಎಂಬ ಮಾತು ಹೆಚ್ಚು ನಡೆಯುತ್ತದೆ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಗೆ ಕಚೇರಿಗಳು ಬಂದವು, ನೌಕರರೂ ಬಂದರು. ಕಚೇರಿಗೆ ನಡೆದು ಹೋಗುವಷ್ಟು ಹತ್ತಿರದ ಮನೆಗೆ ಗಿರಾಕಿ ಸಾಲಾಗಿ ನಿಂತಿದ್ದರೆ ಅಲ್ಲಿ ಈ ಲೆಕ್ಕ ನಡೆಯದು. ಎರಡು ಬೀದಿ ಆಚೆಯ, ರಟ್ಟಿನ ಬೋರ್ಡು ಮಾಸಿದ ಮನೆಯಲ್ಲಿ ನಡೆಯುತ್ತದೆ.

ಮಾಲೀಕರಿಗೆ ತಿಂಗಳ ಬಾಡಿಗೆ ಬೇಡ, ಒಂದೇ ಗಂಟು ಹಣದ ಭೋಗ್ಯವೇ ಬೇಕು ಎಂದಿದ್ದರೂ ಇದು ಹೊಂದುವುದಿಲ್ಲ. ಮಗನ ಮದುವೆಗೆ ಮನೆ ಬೇಕಾಗಬಹುದು ಎಂದು ಬಾಯಿ ತಪ್ಪಿ ಹೇಳಿದವರ ಹತ್ತಿರ ಮೂರು ವರ್ಷದ ಮಾತೇ ತೆಗೆಯಬೇಡಿ, ಅಲ್ಲಿ ನಿಮ್ಮ ದೀರ್ಘ ವಾಸ ಅವರಿಗೆ ತಲೆನೋವು. “ನೀವು ಯಾವ ಪೈಕಿ” ಎಂಬ ಪ್ರಶ್ನೆಯಿಂದಲೇ ಮಾತು ಶುರು ಮಾಡುವವರೂ ಇದ್ದಾರೆ. ಅಂಥವರ ಮನೆಯನ್ನು ಅರ್ಧ ಬಾಡಿಗೆಗೂ ಹಿಡಿಯಬಾರದು ಎನ್ನುವುದು ನನ್ನ ಅಭಿಪ್ರಾಯ.

ಹುಡುಗಿ ಜ್ಯೇಷ್ಠದ ಕೊನೆಯ ಸೋಮವಾರ ಹಾಲು ಉಕ್ಕಿಸಿದಳು. ಹನ್ನೊಂದು ತಿಂಗಳು ಮುಗಿಯುವ ಹದಿನೈದು ದಿನ ಮುಂಚೆ ಹೊಸ ಪತ್ರದ ಮಾತು ಆಕೆಯೇ ತೆಗೆದಳು. ಮಾಲೀಕರು ಮರೆತಿದ್ದರು, ಹಳೆಯ ಪತ್ರದ ಸಾಲನ್ನು ತೋರಿಸಿದ ಮೇಲೆ “ಹೌದಲ್ಲ” ಎಂದು ಒಪ್ಪಿಕೊಂಡರು. ಆದ್ದರಿಂದ ನಿಮ್ಮ ಪ್ರತಿಯನ್ನು ಅಡ್ವಾನ್ಸ್ ರಸೀದಿಯ ಜೊತೆ ಜೋಪಾನವಾಗಿಡಿ, ಹತ್ತನೇ ತಿಂಗಳು ಮುಗಿದಾಗ ಒಮ್ಮೆ ತೆಗೆದು ಓದಿ.